ಪಂಪ್ ಸರಿಯಾಗೇ ಇತ್ತು, ನಾಜಲ್ ದೊಡ್ಡದಿತ್ತು

ಭದ್ರಾ ನಾಲೆಗೆ ನೀರು ಬಿಟ್ಟರೆ ದಾವಣಗೆರೆಯಲ್ಲಿ ನಮ್ಮಂಥ ಟ್ರ್ಯಾಕ್ಟರ್ ಸಾಮಾನು ರಿಪೇರಿಯವರಿಗೆ ಬಿಡುವಿರುವುದಿಲ್ಲ. ರೋಟವೇಟರ್‌ಗಳು ಗದ್ದೆಯಿಂದ ಸೀದಾ ಶೆಡ್ಡಿಗೆ ಬರುತ್ತವೆ, ಗೇರ್‌ಬಾಕ್ಸ್ ಮೇಲೆ ಕೆಸರು, ಗ್ರೀಸು, ಹುಲ್ಲು ಎಲ್ಲಾ ಸೇರಿ ಗಟ್ಟಿಯಾಗಿ ಅಂಟಿರುತ್ತದೆ. ತೊಳೆಯದೆ ಬಿಚ್ಚಿದರೆ ಆ ಮಣ್ಣೆಲ್ಲ ಒಳಗೆ ಬೀಳುತ್ತದೆ.

ಅಂಥ ದಿನವೇ ಪ್ರೆಷರ್ ವಾಷರ್ ಕೈಕೊಟ್ಟಿತು. ಯಾವಾಗಲೂ 120 ಬಾರ್ ತೋರಿಸುವ ಗೇಜ್ 60ಕ್ಕಿಂತ ಸ್ವಲ್ಪ ಮೇಲೆ ನಿಂತುಬಿಟ್ಟಿತ್ತು. ನೀರು ಧಾರಾಳವಾಗಿ ಬರುತ್ತಿದೆ, ಆದರೆ ಕೆಸರು ಜಗ್ಗುತ್ತಿಲ್ಲ. ಪಂಪ್ ರಿಪೇರಿಯವರಿಗೆ ಫೋನ್ ಮಾಡಿದರೆ ನೋಡುವ ಮೊದಲೇ "ಸೀಲ್ ಕಿಟ್ ಹೋಗಿದೆ ಸಾರ್, ಬಿಚ್ಚಬೇಕು" ಅಂದರು. ನನಗೆ ನಂಬಿಕೆ ಬರಲಿಲ್ಲ, ಯಾಕಂದ್ರೆ ಗೇಜ್ ಮುಳ್ಳು ಅಲ್ಲಾಡುತ್ತಿರಲಿಲ್ಲ. ಪಂಪಿನೊಳಗೆ ಒಂದು ವಾಲ್ವ್ ಕಚ್ಚಿಕೊಂಡರೆ, ಇಲ್ಲಾ ಗಾಳಿ ಎಳೆದುಕೊಂಡರೆ ಮುಳ್ಳು ನಡುಗುತ್ತದೆ, ಪೈಪೂ ಕುಣಿಯುತ್ತದೆ. ಇಲ್ಲಿ ಎರಡೂ ಇರಲಿಲ್ಲ.

ನಮ್ಮದು 3 ಎಚ್‌ಪಿ ಮೋಟರ್, ಮೂರು ಪ್ಲಂಜರ್‌ಗಳ ಪಂಪ್, ನಿಮಿಷಕ್ಕೆ 9 ಲೀಟರ್. ಈ ಪಂಪ್ ತಾನಾಗಿ ಪ್ರೆಷರ್ ಹುಟ್ಟಿಸುವುದಿಲ್ಲ, ಅದು ಸುಮ್ನೆ ನೀರು ತಳ್ಳುತ್ತದೆ. ಮೋಟರ್ ಒಂದೇ ವೇಗದಲ್ಲಿ ತಿರುಗುತ್ತಿರುವವರೆಗೆ ಮುಂದೆ ತೂತು ಚಿಕ್ಕದಿರಲಿ, ದೊಡ್ಡದಿರಲಿ, ಹೆಚ್ಚುಕಡಿಮೆ ಅಷ್ಟೇ ನೀರು ತಳ್ಳುತ್ತದೆ. ಆ 9 ಲೀಟರ್ ಎಷ್ಟು ಕಿರಿದಾದ ತೂತಿನಲ್ಲಿ ನುಗ್ಗಬೇಕು ಅನ್ನುವುದರ ಮೇಲೆ ಪ್ರೆಷರ್ ಎಷ್ಟು ಅನ್ನುವುದು ನಿರ್ಧಾರವಾಗುತ್ತದೆ.

ಹಾಗಾಗಿ ಮೊದಲು ನೀರು ಅಳೆದೆ. 20 ಲೀಟರ್ ಪೇಂಟ್ ಬಕೆಟ್ ತುಂಬಿಸಿ, ಸಕ್ಷನ್ ಪೈಪನ್ನೂ ಪ್ರೆಷರ್ ಮಿತಿ ಮುಟ್ಟಿದಾಗ ಹೆಚ್ಚಾದ ನೀರನ್ನು ಹೊರಬಿಡುವ ಬೈಪಾಸ್ ವಾಲ್ವ್‌ನಿಂದ ವಾಪಸ್ ಬರುವ ಪೈಪನ್ನೂ ಅದರೊಳಗೆ ಇಟ್ಟು ಗನ್ ಒತ್ತಿ ಹಿಡಿದೆ. ಪೂರ್ತಿ ಖಾಲಿಯಾಗಲು ಬಿಡಬಾರದು, ಪಂಪ್ ಗಾಳಿ ಎಳೆಯುತ್ತದೆ. ಒಳಗೆ 18 ಲೀಟರ್ ಇಳಿದಾಗ ಎಲ್ಲಿಗೆ ಬರುತ್ತದೆ ಅಂತ ಮೊದಲೇ ಗೆರೆ ಹಾಕಿದ್ದೆ. ಸರಿಯಾಗಿ ಎರಡು ನಿಮಿಷಕ್ಕೆ ನೀರು ಆ ಗೆರೆಗೆ ಬಂತು. ವಾಪಸ್ ಪೈಪ್ ಒಣಗಿತ್ತು. ಅಂದರೆ ಪಂಪ್ ಪೂರ್ತಿ ನೀರು ಕೊಡುತ್ತಿದೆ, ಬೈಪಾಸ್ ವಾಲ್ವೂ ಕದಿಯುತ್ತಿಲ್ಲ. ಉಳಿದದ್ದು ಗನ್ ತುದಿಯ ನಾಜಲ್ ಒಂದೇ ಅಲ್ವಾ?

ಬಿಚ್ಚಿ ಒರೆಸಿ ನೋಡಿದರೆ ಹಸಿರು ನಾಜಲ್, ಮೇಲೆ 25050 ಅಂತ ಕೆತ್ತಿದೆ. ಹಳೆಯದು ಕಳೆದುಹೋಗಿ ಅಂಗಡಿಯಿಂದ ಹೊಸದು ತಂದಿದ್ದರು, ಬಣ್ಣ ಒಂದೇ ಅಂತ ಅಂಗಡಿಯವರು ಕೊಟ್ಟಿದ್ದಾರೆ. ಬಣ್ಣ ಹೇಳುವುದು ನೀರು ಹರಡುವ ಕೋನ ಮಾತ್ರ, ಹಸಿರು ಅಂದರೆ 25 ಡಿಗ್ರಿ. ತೂತಿನ ಸೈಜ್ ಹಿಂದಿನ ಅಂಕಿಯಲ್ಲಿದೆ: 050 ಅಂದರೆ 4000 ಪಿಎಸ್‌ಐನಲ್ಲಿ ನಿಮಿಷಕ್ಕೆ 5 ಅಮೆರಿಕನ್ ಗ್ಯಾಲನ್ ಬಿಡುವ ತೂತು. ನಮ್ಮ 9 ಲೀಟರ್ ಅಂದರೆ 2.38 ಗ್ಯಾಲನ್. ಅದನ್ನು 5ರಿಂದ ಭಾಗಿಸಿ, ವರ್ಗ ಮಾಡಿ, 4000ದಿಂದ ಗುಣಿಸಿದರೆ ಸುಮಾರು 906 ಪಿಎಸ್‌ಐ, ಅಂದರೆ 62 ಬಾರ್. ಗೇಜ್ ಪಾಪ ನಿಜಾನೇ ಹೇಳುತ್ತಿತ್ತು.

ನಮಗೆ ಬೇಕಿದ್ದದ್ದು 035. ಅದೇ ಲೆಕ್ಕ ಹಾಕಿದರೆ 127 ಬಾರ್ ಬರುತ್ತದೆ, ಆದರೆ ನಮ್ಮ ಬೈಪಾಸ್ ಇರುವುದು 120ಕ್ಕೆ, ಹಾಗಾಗಿ ಒಂಚೂರು ನೀರು ವಾಪಸ್ ಹೋಗುತ್ತದೆ. ಪರವಾಗಿಲ್ಲ. ನಾಜಲ್ ತಂದು ಹಾಕಿದೆವು, ಮುಳ್ಳು 120ಕ್ಕೆ ಏರಿತು, ವಾಪಸ್ ಪೈಪಿನಲ್ಲಿ ಸಣ್ಣ ಎಳೆಯಂತೆ ನೀರು.

ಅಷ್ಟಕ್ಕೆ ನಮ್ಮ ಶೆಡ್ಡಿನ ಬಸಣ್ಣನಿಗೆ ಸಮಾಧಾನವಾಗಲಿಲ್ಲ. "ಅಣ್ಣ, 030 ಹಾಕೋಣ, ಇನ್ನೂ ಜಾಸ್ತಿ ಫೋರ್ಸ್ ಬರುತ್ತೆ" ಅಂದ. ಹಾಕಿ ತೋರಿಸಿದೆ. ಗೇಜ್ ಅದೇ 120! ವಾಪಸ್ ಪೈಪಿನಲ್ಲಿ ಮಾತ್ರ ನೀರು ಜೋರಾಯಿತು. 120 ಬಾರ್‌ನಲ್ಲಿ ಆ ತೂತು ಬಿಡುವುದೇ ಏಳೂವರೆ ಲೀಟರ್, ಉಳಿದ ಒಂದೂವರೆ ಲೀಟರ್ ಬಕೆಟ್ಟಿಗೆ. ಪ್ರೆಷರ್ ಹೆಚ್ಚಲಿಲ್ಲ, ಮಣ್ಣು ತಳ್ಳಿಕೊಂಡು ಹೋಗುವ ನೀರು ಕಡಿಮೆಯಾಯಿತು.

"ಬೈಪಾಸ್ ಸ್ಕ್ರೂ ಟೈಟ್ ಮಾಡಿದರೆ?" ಅಂತ ಅವನ ಮುಂದಿನ ಪ್ರಶ್ನೆ. ಮಾಡಿದರೆ ಲೆಕ್ಕದ ಪ್ರಕಾರ 170 ಬಾರ್ ದಾಟುತ್ತದೆ. ಬಾರ್ ಅನ್ನು ಲೀಟರ್‌ನಿಂದ ಗುಣಿಸಿ 600ರಿಂದ ಭಾಗಿಸಿದರೆ ಎಷ್ಟು ಕಿಲೋವ್ಯಾಟ್ ಬೇಕು ಅಂತ ಸಿಗುತ್ತದೆ: ನೀರಿಗೇ ಎರಡೂವರೆ ಕಿಲೋವ್ಯಾಟ್, ಪಂಪಿನ ನಷ್ಟ ಬೇರೆ. ನಮ್ಮ ಮೋಟರ್ ಇರುವುದು 2.2 ಕಿಲೋವ್ಯಾಟ್. ಮೋಟರ್ ಟ್ರಿಪ್ ಆದರೆ ಪುಣ್ಯ, ಇಲ್ಲದಿದ್ದರೆ ವೈಂಡಿಂಗ್ ಸುಡುತ್ತದೆ, ಪೈಪ್ ಒಡೆದರೆ ಕೈಕಾಲಿಗೂ ಅಪಾಯ. ಸ್ಕ್ರೂ ಮುಟ್ಟಲು ಬಿಡಲಿಲ್ಲ.

ಮತ್ತೆ 035 ಹಾಕಿ ಗೇರ್‌ಬಾಕ್ಸ್ ತೊಳೆದೆವು. ತಣ್ಣೀರಿಗೆ ಗ್ರೀಸ್ ಬಗ್ಗುವುದಿಲ್ಲ, ಯಾವ ನಾಜಲ್ ಹಾಕಿದರೂ ಅಷ್ಟೇ. ಮೊದಲು ಡಿಗ್ರೀಸರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಒಂದು ಅಡಿ ದೂರದಿಂದ ಓರೆಯಾಗಿ ಹೊಡೆದಾಗ ಕೆಸರು ಹಕ್ಕಳೆ ಹಕ್ಕಳೆಯಾಗಿ ಬಿತ್ತು. ಆಯಿಲ್ ಸೀಲ್, ಬ್ರೀದರ್ ಹತ್ತಿರ ಮಾತ್ರ ಗನ್ ಒಯ್ಯಲಿಲ್ಲ, ಅಲ್ಲಿಗೆ ಬ್ರಶ್ಶೇ ಸರಿ. ನಮ್ಮ ಬೋರ್ ನೀರಿನಲ್ಲಿ ಮರಳಿದೆ, ಈ 035 ಕೂಡ ಸವೆಯುತ್ತದೆ. ವಾಪಸ್ ಪೈಪ್ ಒಣಗಿ, ಮುಳ್ಳು 105ರ ಹತ್ತಿರಕ್ಕೆ ಇಳಿದರೆ ತೂತಿನ ವಿಸ್ತೀರ್ಣ ಹತ್ತು ಪರ್ಸೆಂಟ್‌ನಷ್ಟು ಹೆಚ್ಚಾಗಿದೆ ಅಂತ. ಆಗ ಸೀಲ್ ಕಿಟ್‌ಗೆ ಮೊದಲು ನಾಜಲ್ ಬದಲಿಸಬೇಕು ಅಂತ ಗೇಜ್ ಪಕ್ಕದಲ್ಲೇ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ.