ಹಳೆ ಅಂಕಿ ಮರೆಯುವ ನೆಟ್‌ವರ್ಕ್: ಇಡಬ್ಲ್ಯೂಸಿ ಸೋತದ್ದೆಲ್ಲಿ, ರಿಪ್ಲೇ ಗೆದ್ದದ್ದೆಷ್ಟು

ಹೊಸ ಕೆಲಸ ಕಲಿಸಿದರೆ ನ್ಯೂರಲ್ ನೆಟ್‌ವರ್ಕ್ ಹಳೆಯದನ್ನು ಮರೆಯುತ್ತದೆ ಅನ್ನುವುದು ಹಳೇ ಸುದ್ದಿ. 1989ರಲ್ಲೇ ಮೆಕ್‌ಕ್ಲಾಸ್ಕಿ ಮತ್ತು ಕೋಹೆನ್ ಇದನ್ನು ತೋರಿಸಿದ್ದರು. ಒಂದನ್ನು ಕೂಡಿಸುವ ಲೆಕ್ಕ ಕಲಿತ ನೆಟ್‌ವರ್ಕಿಗೆ ಎರಡನ್ನು ಕೂಡಿಸುವ ಲೆಕ್ಕ ಕಲಿಸಿದರು, ಮೊದಲನೆಯದು ಹಾರಿಹೋಯಿತು. ಈ ಪ್ರಾಜೆಕ್ಟಿನಲ್ಲಿ ನಾನು ಹುಡುಕುತ್ತಿರುವುದು ಒಂದೇ: ಮರೆವು ನೆಟ್‌ವರ್ಕಿನ ಯಾವ ಭಾಗದಲ್ಲಿ ಆಗುತ್ತದೆ? ಅದು ಗೊತ್ತಾದರೆ ಯಾವ ಮದ್ದು ನಾಟುತ್ತದೆ ಅನ್ನುವುದೂ ಗೊತ್ತಾಗಬೇಕು, ಅಲ್ವಾ?

ಸೆಟಪ್ ಬೇಕಂತಲೇ ಚಿಕ್ಕದಾಗಿ ಇಟ್ಟಿದ್ದೇನೆ. ಎಂನಿಸ್ಟ್ ಕೈಬರಹದ ಅಂಕಿಗಳು, ಎರಡು ಹಿಡನ್ ಲೇಯರ್, ಕೊನೆಗೆ 10 ಔಟ್‌ಪುಟ್. ಮೊದಲು 0ಯಿಂದ 4ರವರೆಗಿನ ಅಂಕಿ ಮಾತ್ರ ಕಲಿಸುತ್ತೇನೆ. ಆಮೇಲೆ ಅದೇ ಮಾಡೆಲ್‌ಗೆ 5ರಿಂದ 9ರವರೆಗಿನದ್ದು ಮಾತ್ರ. ಪರೀಕ್ಷೆಯಲ್ಲಿ ಹತ್ತೂ ಅಂಕಿ ಬರುತ್ತವೆ. ಚಿತ್ರ ಹಳೆ ಗುಂಪಿನದೋ ಹೊಸದರದೋ ಎಂದು ಯಾರೂ ಹೇಳಿಕೊಡುವುದಿಲ್ಲ.

ಮದ್ದಿಲ್ಲದೆ ಓಡಿಸಿದಾಗ

ಒಟ್ಟು ಅಕ್ಯುರಸಿ ಶೇಕಡಾ 48ರ ಹತ್ತಿರ ಬಂತು. ಅರ್ಧ ಮರೆತಿದೆ, ಅರ್ಧ ನೆನಪಿದೆ ಎಂದು ಓದಿಕೊಳ್ಳಲು ಆಸೆಯಾಗುವ ಸಂಖ್ಯೆ ಇದು. ಆದರೆ 10,000 ಟೆಸ್ಟ್ ಚಿತ್ರಗಳಲ್ಲಿ 5139 ಹಳೆ ಗುಂಪಿನವು, 4861 ಹೊಸ ಗುಂಪಿನವು. ಹೊಸದು ಪೂರ್ತಿ ಸರಿ, ಹಳೆಯದು ಪೂರ್ತಿ ಸೊನ್ನೆ ಅಂದರೂ ಬರುವುದು 48.61. ಗುಂಪು ಬೇರೆ ಮಾಡಿ ನೋಡಿದರೆ ಹಳೆಯದು ನಿಜಕ್ಕೂ ಸೊನ್ನೆ. ಹಾಗಾಗಿ ಇಂಥ ಪ್ರಯೋಗದಲ್ಲಿ ಒಟ್ಟು ಅಕ್ಯುರಸಿಯನ್ನು ನಾನು ಈಗ ಪ್ರಿಂಟ್ ಕೂಡ ಮಾಡುವುದಿಲ್ಲ.

ಆಮೇಲೆ ಸುಮ್ನೆ ಒಂದು ಸಣ್ಣ ಪರೀಕ್ಷೆ. ಹಳೆ ಚಿತ್ರ ಕೊಟ್ಟು, ಹೊಸ ಐದು ಔಟ್‌ಪುಟ್‌ಗಳ ಬಾಯಿ ಮುಚ್ಚಿಸಿದೆ:

```python
with torch.no_grad():
    z = model(x_old)
    z[:, 5:] = -1e9
    acc = (z.argmax(1) == y_old).float().mean()
```

ಸೊನ್ನೆ ಇದ್ದದ್ದು 80ರ ಮೇಲೆ ಹಾರಿತು! ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಿಡನ್ ಲೇಯರ್‌ಗಳನ್ನು ಫ್ರೀಜ್ ಮಾಡಿ, ಕೊನೆಯ ಲೇಯರ್ ಒಂದನ್ನೇ ಹಳೆ ಡೇಟಾದಿಂದ ಮತ್ತೆ ಕಲಿಸಿದೆ. 90 ದಾಟಿ ಮೇಲೇರಿತು. ಅಂದರೆ 3 ಮತ್ತು 2ರ ವ್ಯತ್ಯಾಸ ಹೇಳುವ ವಿದ್ಯೆ ಒಳಗೆ ಬಹುಪಾಲು ಹಾಗೇ ಇದೆ. ಕೆಟ್ಟಿರುವುದು ಜಾಸ್ತಿ ಕೊನೆಯ ಲೇಯರ್‌ನಲ್ಲಿ.

ಕಾರಣ ಕಾಗದದ ಮೇಲೂ ಸಿಗುತ್ತದೆ. ಸಾಫ್ಟ್‌ಮ್ಯಾಕ್ಸ್ ಜೊತೆ ಕ್ರಾಸ್ ಎಂಟ್ರೋಪಿ ಬಳಸಿದರೆ, ಒಂದು ಔಟ್‌ಪುಟ್ ಮೇಲಿನ ಗ್ರೇಡಿಯಂಟ್ `p - y`. `p` ಅಂದರೆ ಆ ಉತ್ತರಕ್ಕೆ ಮಾಡೆಲ್ ಕೊಟ್ಟ ಸಂಭವನೀಯತೆ; `y` ಅದೇ ಸರಿ ಉತ್ತರವಾದರೆ 1, ಇಲ್ಲದಿದ್ದರೆ 0. ಎರಡನೇ ಹಂತದಲ್ಲಿ 3 ಎಂಬ ಉತ್ತರ ಒಮ್ಮೆಯೂ ಬರುವುದಿಲ್ಲ, ಅದರ `y` ಯಾವಾಗಲೂ 0. ಉಳಿಯುವುದು `p`, ಅದು ಯಾವಾಗಲೂ ಸೊನ್ನೆಗಿಂತ ಹೆಚ್ಚು. ಹಾಗಾಗಿ ಪ್ರತಿ ಹೆಜ್ಜೆಯೂ 3ರ ಔಟ್‌ಪುಟ್ಟನ್ನು ಕೆಳಕ್ಕೇ ತಳ್ಳುತ್ತದೆ. ಮೇಲಕ್ಕೆ ಎಳೆಯುವ ಉದಾಹರಣೆ ಒಂದೂ ಇಲ್ಲ.

ಇಡಬ್ಲ್ಯೂಸಿ

ಇಡಬ್ಲ್ಯೂಸಿ ಅಂದರೆ ಇಲಾಸ್ಟಿಕ್ ವೇಯ್ಟ್ ಕನ್ಸಾಲಿಡೇಶನ್. 2017ರಲ್ಲಿ ಡೀಪ್‌ಮೈಂಡ್‌ನವರು ತಂದ ಈ ವಿಧಾನದಲ್ಲಿ ಹಳೆ ಡೇಟಾ ಕೂಡಿಡಬೇಕಿಲ್ಲ. ಹಳೆ ಕೆಲಸಕ್ಕೆ ಯಾವ ವೇಯ್ಟ್ ಎಷ್ಟು ಮುಖ್ಯ ಎಂದು ಫಿಶರ್ ಮೌಲ್ಯದಿಂದ ಅಳೆದು, ಮುಖ್ಯವಾದವನ್ನು ಅವುಗಳ ಹಳೆ ಜಾಗಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿ ಕಟ್ಟಿದ ಹಾಗೆ:

```
L = L_new + (λ/2) * Σ F_i (θ_i - θ*_i)²
```

λ ಅಂದರೆ ಒಟ್ಟಾರೆ ಸ್ಪ್ರಿಂಗ್ ಎಷ್ಟು ಗಟ್ಟಿ ಎಂದು ನಾವೇ ಇಡುವ ಸಂಖ್ಯೆ. `F` ಅಂದರೆ ಹಳೆ ಡೇಟಾ ಮೇಲೆ ಗ್ರೇಡಿಯಂಟ್‌ನ ವರ್ಗದ ಸರಾಸರಿ. ಇದನ್ನು ಒಂದೊಂದೇ ಚಿತ್ರಕ್ಕೆ ಲೆಕ್ಕ ಹಾಕಬೇಕು. ಬ್ಯಾಚ್‌ನ ಸರಾಸರಿ ಗ್ರೇಡಿಯಂಟ್ ತೆಗೆದು ಆಮೇಲೆ ವರ್ಗ ಮಾಡಿದರೆ ಪ್ಲಸ್ಸು ಮೈನಸ್ಸು ಹೊಡೆದುಹೋಗಿ ಮೌಲ್ಯ ತೀರಾ ಸಣ್ಣದಾಗುತ್ತದೆ. ಸರಿಯಾಗಿ ಮಾಡಿದರೂ ಅದು ಸಣ್ಣದೇ, ಏಕೆಂದರೆ ಚೆನ್ನಾಗಿ ಕಲಿತ ಮಾಡೆಲ್‌ನಲ್ಲಿ `p - y` ಸೊನ್ನೆಯ ಪಕ್ಕದಲ್ಲೇ ಇರುತ್ತದೆ. ಅದಕ್ಕೇ λ ಸಾವಿರಗಳಲ್ಲಿ ಇರಬೇಕಾಗುತ್ತದೆ.

ಸಾವಿರಗಳಲ್ಲೂ ನೋಡಿದೆ, ಲಕ್ಷಗಳಲ್ಲೂ ನೋಡಿದೆ. λ ಕಡಿಮೆ ಇದ್ದಾಗ ಹಳೆಯದು ಸೊನ್ನೆ. ಏರಿಸುತ್ತಾ ಹೋದಂತೆ ಹಳೆಯದು ಅಲ್ಪಸ್ವಲ್ಪ ತಲೆ ಎತ್ತಿತು, ಆದರೆ ಹೊಸದು ಕುಸಿಯಿತು. ಎರಡೂ ಚೆನ್ನಾಗಿರುವ λ ಸಿಗಲೇ ಇಲ್ಲ.

ಕೊನೆಯ ಲೇಯರ್‌ನ ಫಿಶರ್ ಮೌಲ್ಯಗಳನ್ನು ಔಟ್‌ಪುಟ್ ಪ್ರಕಾರ ಪ್ರಿಂಟ್ ಮಾಡಿದಾಗ ವಿಷಯ ಬಯಲಾಯಿತು. 0ಯಿಂದ 4ರ ಸಾಲುಗಳಲ್ಲಿ ಮೌಲ್ಯ ಇದೆ. 5ರಿಂದ 9ರ ಸಾಲುಗಳಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಹಳೆ ಹಂತದಲ್ಲಿ ಆ ಅಂಕಿಗಳು ಬರಲೇ ಇಲ್ಲವಲ್ಲ, ಅವುಗಳ `p` ಆಗಲೇ ಸೊನ್ನೆಗೆ ಇಳಿದಿತ್ತು. ಹಾಗಾಗಿ ಇಡಬ್ಲ್ಯೂಸಿ ಲೆಕ್ಕದಲ್ಲಿ ಆ ಸಾಲುಗಳು ಹಳೆ ಕೆಲಸಕ್ಕೆ ಬೇಡದವು, ಹೇಗೆ ಬೇಕಾದರೂ ಬದಲಾಗಬಹುದು. 3ರ ಸಾಲನ್ನು ಎಷ್ಟೇ ಬಿಗಿಯಾಗಿ ಕಟ್ಟಿದರೂ, 5ರ ಸಾಲು ಮೇಲೇರಿ ಅದನ್ನು ದಾಟುವುದನ್ನು ತಡೆಯುವವರಿಲ್ಲ.

ಇದು ವಿಧಾನದ ಮೇಲಿನ ದೂರಲ್ಲ. ಮೂಲ ಪ್ರಬಂಧದ ಎಂನಿಸ್ಟ್ ಪ್ರಯೋಗದಲ್ಲಿ ಪಿಕ್ಸೆಲ್‌ಗಳನ್ನು ಕಲಸಿ ಹೊಸ ಕೆಲಸ ಮಾಡಿದ್ದರು. ಅಲ್ಲಿ ಹತ್ತೂ ಅಂಕಿ ಪ್ರತಿ ಹಂತದಲ್ಲೂ ಬರುತ್ತವೆ, ಈ ತೊಂದರೆ ಹುಟ್ಟುವುದೇ ಇಲ್ಲ. ನಾನೂ ಖಾತ್ರಿ ಮಾಡಿಕೊಳ್ಳಲು, ಯಾವ ಗುಂಪು ಎಂದು ಮೊದಲೇ ಹೇಳಿ, ಕಲಿಸುವಾಗಲೂ ಪರೀಕ್ಷೆಯಲ್ಲೂ ಬೇರೆ ಗುಂಪಿನ ಔಟ್‌ಪುಟ್ ಮುಚ್ಚಿ ಓಡಿಸಿದೆ. ಅದೇ ಇಡಬ್ಲ್ಯೂಸಿ ಹಳೆಯದನ್ನು ಚೆನ್ನಾಗಿ ಉಳಿಸಿಕೊಂಡಿತು.

ರಿಪ್ಲೇ

ರಿಪ್ಲೇ ಅಂದರೆ ಹಳೆ ಡೇಟಾದ ಸ್ವಲ್ಪ ಭಾಗ ಕೂಡಿಟ್ಟು, ಹೊಸದರ ಜೊತೆ ಮತ್ತೆ ಮತ್ತೆ ತೋರಿಸುವುದು. ಹಳೆ ಅಂಕಿ ಒಂದೊಂದಕ್ಕೆ 20 ಚಿತ್ರ, ಒಟ್ಟು 100 ಮಾತ್ರ ಇಟ್ಟುಕೊಂಡೆ. ಇವನ್ನು ಹೊಸ 29,404 ಚಿತ್ರಗಳ ಜೊತೆ ಸುಮ್ಮನೆ ಸುರಿದರೆ ಪ್ರಯೋಜನ ಕಮ್ಮಿ. 128ರ ಬ್ಯಾಚ್‌ಗೆ ಸರಾಸರಿ ಅರ್ಧ ಚಿತ್ರವೂ ಸಿಗುವುದಿಲ್ಲ. ಅದಕ್ಕೆ ಪ್ರತಿ ಬ್ಯಾಚ್‌ನಲ್ಲಿ 64 ಹೊಸದು, 64 ಹಳೆಯದು ಎಂದು ಕಟ್ಟುನಿಟ್ಟು ಮಾಡಿದೆ. ಹಳೆಯದು ಒಂದೇ ಸಲಕ್ಕೆ 85ರ ಆಸುಪಾಸಿಗೆ ಬಂತು, ಹೊಸದಕ್ಕೆ ಬಿದ್ದ ಪೆಟ್ಟು ಚಿಕ್ಕದು. 3ರ ಔಟ್‌ಪುಟ್ಟನ್ನು ಮೇಲಕ್ಕೆ ಎಳೆಯುವ ಉದಾಹರಣೆ ಈಗ ಪ್ರತಿ ಹೆಜ್ಜೆಯಲ್ಲೂ ಇದೆ. 3ರ ಚಿತ್ರ ಬಂದಾಗ 5ರ ಔಟ್‌ಪುಟ್ಟನ್ನು ತಗ್ಗಿಸುವುದೂ ಅದೇ.

ಮಿತಿಯೂ ಬೇಗ ಕಂಡಿತು. ಒಂದು ಎಪಾಕ್‌ನಲ್ಲಿ ಸುಮಾರು 460 ಬ್ಯಾಚ್. ಅಂದರೆ ಆ 100 ಚಿತ್ರಗಳಲ್ಲಿ ಪ್ರತಿಯೊಂದೂ ಸುಮಾರು 294 ಸಲ ಬರುತ್ತದೆ. ಬಾಯಿಪಾಠ ಆಗದೆ ಇರುತ್ತದೆಯೇ? ಗುರುತು ಹಿಡಿಯುವುದು ಸುಲಭ: ಕೂಡಿಟ್ಟ ಚಿತ್ರಗಳ ಲಾಸ್ ಸೊನ್ನೆಗೆ ಇಳಿದಿರುತ್ತದೆ, ಹಳೆ ಟೆಸ್ಟ್ ಅಕ್ಯುರಸಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಅಂಕಿಗೆ 100 ಚಿತ್ರ ಇಟ್ಟಾಗ ಪುನರಾವರ್ತನೆ 59ಕ್ಕೆ ಇಳಿಯಿತು, ಅಕ್ಯುರಸಿ 90 ದಾಟಿತು.

ಉಳಿದ ತಪ್ಪುಗಳನ್ನು ಕನ್ಫ್ಯೂಷನ್ ಮ್ಯಾಟ್ರಿಕ್ಸ್‌ನಲ್ಲಿ ನೋಡಿದೆ. ಹೆಚ್ಚಿನವು 4ನ್ನು 9 ಎಂದದ್ದು, 3ನ್ನು 5 ಅಥವಾ 8 ಎಂದದ್ದು. ಎಲ್ಲವೂ ಎರಡು ಗುಂಪಿನ ಗಡಿ ದಾಟುವ ಜೋಡಿಗಳೇ. ಮೊದಲ ಹಂತದಲ್ಲಿ 4ನ್ನು 9ರಿಂದ ಬೇರ್ಪಡಿಸುವ ಗೊಡವೆಯೇ ಇರಲಿಲ್ಲ. ಹಾಗಾಗಿ ಆ ವ್ಯತ್ಯಾಸವನ್ನು ಮರೆತಿದೆ ಅನ್ನುವಂತಿಲ್ಲ, ಅದನ್ನು ಕಲಿತೇ ಇರಲಿಲ್ಲ. ಕೂಡಿಟ್ಟ ಕೆಲವೇ ಚಿತ್ರಗಳಿಂದ ಈಗ ಕಲಿಯಬೇಕಾಗಿದೆ. ಮುಂದಿನ ಓಟದಲ್ಲಿ ಒಟ್ಟು 500 ಚಿತ್ರಗಳನ್ನೇ ಇಟ್ಟುಕೊಂಡು, 0 ಮತ್ತು 1ರ ಪಾಲು ಕಡಿಮೆ ಮಾಡಿ, ಅಷ್ಟನ್ನು 3 ಮತ್ತು 4ಕ್ಕೆ ಕೊಡುತ್ತಿದ್ದೇನೆ.