ಚೀಟಿ ಎತ್ತಿದ ಮೆಂಬರ್ ಮತ್ತು 84,500 ರೂಪಾಯಿ ವ್ಯತ್ಯಾಸ

ಏಪ್ರಿಲ್ ಮೊದಲ ವಾರ. ಕೌಂಟರಿನಲ್ಲಿ ಕಂತು ಕಟ್ಟುವವರ ಸಾಲು ಬಾಗಿಲವರೆಗೂ ಇತ್ತು. ಬಿ.ಎಂ. ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಮೆಂಬರ್ ಒಬ್ಬರು ಸಾಲು ಬಿಟ್ಟು ನೇರ ನನ್ನ ಟೇಬಲ್ಲಿಗೆ ಬಂದು, ನಾವೇ ಕೊಟ್ಟಿದ್ದ ಬ್ಯಾಲೆನ್ಸ್ ಲೆಟರ್ ಮುಂದಿಟ್ಟರು. "ಮೇಡಂ, ನನ್ನ ಬಾಕಿ 1,75,500. ನೀವು 2,60,000 ಅಂತ ಬರೆದಿದ್ದೀರ. 84,500 ಜಾಸ್ತಿ. ಓವರ್‌ಡ್ರಾಫ್ಟ್ ರಿನ್ಯೂವಲ್‌ಗೆ ಕೊಟ್ಟ ಈ ಲೆಟರನ್ನ ಬ್ಯಾಂಕಿನವರು ವಾಪಸ್ ಕಳಿಸಿದ್ದಾರೆ, ನಿಮ್ಮ ಲೆಕ್ಕಕ್ಕೂ ಇದಕ್ಕೂ ತಾಳೆ ಇಲ್ಲ ಅಂತ."

ಸಾಲಿನಲ್ಲಿ ನಿಂತಿದ್ದ ಇಬ್ಬರು ಮೂವರು ತಮ್ಮ ಪಾಸ್‌ಬುಕ್ ತೆಗೆದು ನೋಡಲು ಶುರು ಮಾಡಿದರು. ಚೀಟಿ ವ್ಯವಹಾರದಲ್ಲಿ ಇದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ. ಕ್ಯಾಬಿನ್‌ನಿಂದ ಮ್ಯಾನೇಜರ್ ಹೇಳಿದ್ದು ಒಂದೇ ಮಾತು: "ಸಿಸ್ಟಂನಲ್ಲಿ ಇರೋದೇ ಸರಿ ಅಂತ ಹೇಳಿ ಕಳಿಸಿ." ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಸಿಸ್ಟಂ ಸರಿಯೇ ಇತ್ತು. ಆದರೆ ಆ ಯಜಮಾನರ ಲೆಕ್ಕದಲ್ಲೂ ಒಂದು ರೂಪಾಯಿ ಸುಳ್ಳಿರಲಿಲ್ಲ. ಅದನ್ನು ವಿವರಿಸದೆ ಕಳಿಸಿದ್ದರೆ ನಾವು ಮೋಸಗಾರರು ಅಂತಲೇ ಅವರು ಹೋಗುತ್ತಿದ್ದರು.

ಅವರನ್ನು ಕೂರಿಸಿ ಇಬ್ಬರ ಲೆಡ್ಜರನ್ನೂ ಅಕ್ಕಪಕ್ಕ ಇಟ್ಟೆ. ಅದು 5 ಲಕ್ಷದ ಚೀಟಿ. 25 ಜನ, 25 ತಿಂಗಳು, ಕಂತು 20,000. ಹಿಂದಿನ ಏಪ್ರಿಲ್‌ನಲ್ಲಿ ಶುರುವಾದದ್ದು. ಮೊದಲ ತಿಂಗಳು ಕಂಪನಿಯದು, ಆಗ ಎಲ್ಲರೂ ಪೂರ್ತಿ 20,000 ಕಟ್ಟಿದ್ದರು. ಇವರು ಎತ್ತಿದ್ದು ಆರನೇ ತಿಂಗಳು, ಸೆಪ್ಟೆಂಬರ್‌ನಲ್ಲಿ, ಹರಾಜಿನಲ್ಲಿ 1,25,000 ಬಿಟ್ಟು. ಅದರಲ್ಲಿ ನಮ್ಮ ಕಮಿಷನ್ 5%, ಅಂದರೆ 25,000 ಕಳೆದರೆ ಡಿವಿಡೆಂಡ್‌ಗೆ ಉಳಿದದ್ದು 1 ಲಕ್ಷ. 25 ಜನಕ್ಕೆ ಹಂಚಿದರೆ ತಲಾ 4,000. ಹಾಗಾಗಿ ಆ ತಿಂಗಳು ಎಲ್ಲರೂ ಕಟ್ಟಬೇಕಾದದ್ದು 16,000. ಎತ್ತಿದವರಿಗೂ ಆ ತಿಂಗಳ ಡಿವಿಡೆಂಡ್ ಉಂಟು, ಇದನ್ನು ಬಹಳ ಜನ ಮರೆಯುತ್ತಾರೆ. ಕಮಿಷನ್ ಮೇಲಿನ 18% ಜಿಎಸ್‌ಟಿ, 4,500 ರೂಪಾಯಿ, ನಮ್ಮಲ್ಲಿ ಎತ್ತಿದವರ ಹಣದಲ್ಲೇ ಹಿಡಿಯುತ್ತಾರೆ. ಅವರ ಬ್ಯಾಂಕಿಗೆ ಹೋದದ್ದು 3,70,500.

ಅವರ ಲೆಕ್ಕ ಬರೆಯುವ ಹುಡುಗ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿಕೊಂಡು ಬರೆದಿದ್ದ. ಸೆಪ್ಟೆಂಬರ್‌ವರೆಗೆ ಆರು ಕಂತಿಗೆ ಕೈಯಿಂದ ಹೋದದ್ದು 96,000. ಬಂದದ್ದು 3,70,500. ಹಾಗಾಗಿ ಬಾಕಿ 2,74,500. ಆಮೇಲೆ ಮಾರ್ಚ್‌ವರೆಗೆ ಆರು ಕಂತಿಗೆ 99,000 ಕಟ್ಟಿದ್ದಾರೆ, ಉಳಿದದ್ದು 1,75,500. ಕೂಡು ಕಳೆಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಚೀಟಿಯನ್ನು ಕೈಸಾಲದ ಹಾಗೆ, ಕೊಟ್ಟಿದ್ದು ತಗೊಂಡಿದ್ದು ಅಂತ ಮಾತ್ರ ಬರೆದರೆ ಎರಡು ವಿಷಯ ಕಣ್ಣಿಗೇ ಬೀಳುವುದಿಲ್ಲ. ಒಂದು, ಅವರು ಬಿಟ್ಟ ಡಿಸ್ಕೌಂಟ್ ಮತ್ತು ಜಿಎಸ್‌ಟಿ, ಸೇರಿ 1,29,500. ಇನ್ನೊಂದು, ಹನ್ನೆರಡು ತಿಂಗಳಲ್ಲಿ ಅವರಿಗೆ ಸಿಕ್ಕ ಡಿವಿಡೆಂಡ್, ಒಟ್ಟು 45,000. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. 84,500. ಅವರು ಕೇಳುತ್ತಿದ್ದ ವ್ಯತ್ಯಾಸ ಪೈಸೆ ಪೈಸೆ ಅಲ್ಲೇ ಇತ್ತು.

ಮೆಂಬರ್ ತನ್ನ ಪುಸ್ತಕದಲ್ಲಿ ಇದನ್ನು ಬರೆಯಬೇಕಾದ ರೀತಿ ಕಷ್ಟದ್ದಲ್ಲ. ಕಂತು ಕಟ್ಟಿದಾಗ ಚೀಟಿ ಖಾತೆಗೆ ಪೂರ್ತಿ 20,000 ಡೆಬಿಟ್, ಎದುರಿಗೆ ಬ್ಯಾಂಕ್ 16,000, ಡಿವಿಡೆಂಡ್ 4,000 ಕ್ರೆಡಿಟ್. ಎತ್ತಿದ ದಿನ ಚೀಟಿ ಖಾತೆಗೆ ಪೂರ್ತಿ 5 ಲಕ್ಷ ಕ್ರೆಡಿಟ್, ಎದುರಿಗೆ ಬ್ಯಾಂಕ್ 3,70,500, ಡಿಸ್ಕೌಂಟ್ 1,25,000, ಜಿಎಸ್‌ಟಿ 4,500 ಡೆಬಿಟ್. ಡಿಸ್ಕೌಂಟನ್ನು ಒಂದೇ ಸಲ ಖರ್ಚಿಗೆ ಹಾಕಬಾರದು. ಅದು ಉಳಿದ 19 ತಿಂಗಳು ಹಣ ಬಳಸಿಕೊಳ್ಳುವುದಕ್ಕೆ ಕೊಟ್ಟ ಬೆಲೆ, ಆ ತಿಂಗಳುಗಳಿಗೇ ಹಂಚಬೇಕು. ಹೀಗೆ ಬರೆದರೆ ದೊಡ್ಡ ಅನುಕೂಲ ಏನಂದ್ರೆ, ಎತ್ತಿದ ಮೇಲೆ ಚೀಟಿ ಖಾತೆಯ ಬಾಕಿಯನ್ನು ಯಾವ ತಿಂಗಳು ಬೇಕಾದರೂ ಬಾಯಲ್ಲೇ ಲೆಕ್ಕ ಹಾಕಬಹುದು: ಉಳಿದ ಕಂತು ಎಷ್ಟೋ ಅಷ್ಟು 20,000. ಮಾರ್ಚ್ ಕೊನೆಗೆ 13 ಕಂತು ಉಳಿದಿತ್ತು. 13 ಇಪ್ಪತ್ತು ಸಾವಿರ, 2,60,000. ಲೆಟರ್‌ನಲ್ಲಿ ಇದ್ದದ್ದೂ ಅದೇ.

ಯಜಮಾನರು ಒಂದು ನಿಮಿಷ ಸುಮ್ಮನಿದ್ದು ಕೇಳಿದರು: "ಹಂಗಾದ್ರೆ ನಾನು 2,60,000 ಕಟ್ಟಬೇಕಾ?" ಇಲ್ಲ. ಮುಂದಿನ ತಿಂಗಳುಗಳಲ್ಲೂ ಡಿವಿಡೆಂಡ್ ಬರುತ್ತದೆ, ಅಷ್ಟು ಕಡಿಮೆ ಕಟ್ಟುತ್ತಾರೆ. ಆದರೆ ಎಷ್ಟು ಬರುತ್ತದೆ ಅನ್ನುವುದು ಆಯಾ ತಿಂಗಳ ಹರಾಜಿನಲ್ಲೇ ತೀರ್ಮಾನವಾಗಬೇಕು. ಕೊನೆ ಕೊನೆಗೆ ಕೂಗುವವರು ಕಡಿಮೆಯಾಗಿ ಡಿವಿಡೆಂಡೂ ಇಳಿಯುತ್ತದೆ. ಬರುತ್ತೆ ಅಂತ ಈಗಲೇ ಬಾಕಿಯಿಂದ ಕಳೆದು ಬರೆಯುವ ಹಾಗಿಲ್ಲ.

ಇನ್ನು ನಮ್ಮ ಕಡೆಯ ಲೆಕ್ಕ. ಹೊಸದಾಗಿ ಸೇರಿದವರು ಡಿಸ್ಕೌಂಟ್ ಪೂರ್ತಿ ಕಂಪನಿಯ ಆದಾಯ ಅಂದುಕೊಳ್ಳುತ್ತಾರೆ. ಅಲ್ಲ. ಅದರಲ್ಲಿ ಫೋರ್‌ಮನ್‌ಗೆ, ಅಂದರೆ ಚೀಟಿ ನಡೆಸುವ ಕಂಪನಿಗೆ, ಸೇರುವುದು ಕಮಿಷನ್ ಮಾತ್ರ. ಕಾನೂನು 2019ರ ತಿದ್ದುಪಡಿಯಿಂದ 7%ವರೆಗೆ ಬಿಡುತ್ತದೆ, ನಮ್ಮ ಒಪ್ಪಂದದಲ್ಲಿರುವುದು 5%. ಉಳಿದದ್ದು ಮೆಂಬರ್‌ಗಳ ದುಡ್ಡು, ನಮ್ಮ ಪುಸ್ತಕದ ಮೂಲಕ ಹಾದು ಹೋಗುತ್ತದೆ ಅಷ್ಟೇ.

ನಾನು ಪ್ರತಿ ತಿಂಗಳು ಮಾಡುವ ಪರೀಕ್ಷೆ ಒಂದಿದೆ. ಮಾರ್ಚ್ ಕೊನೆಗೆ ಈ ಗುಂಪಿನಲ್ಲಿ ಎತ್ತಿದವರು 12 ಜನ, ತಲಾ 2,60,000 ನಮಗೆ ಕೊಡಬೇಕು: 31,20,000. ಎತ್ತದವರು 13 ಜನ, ತಲಾ 2,40,000 ನಾವು ಕೊಡಬೇಕು: 31,20,000. ಎಲ್ಲರೂ ಸರಿಯಾಗಿ ಕಟ್ಟಿದ್ದರೆ ಎರಡೂ ಒಂದೇ ಆಗಲೇಬೇಕು. ಆಗಲಿಲ್ಲ ಅಂದರೆ ಯಾರೋ ಕಂತು ಉಳಿಸಿಕೊಂಡಿದ್ದಾರೆ, ಇಲ್ಲವೇ ಜಾಮೀನು ಕೊಡದೆ ಯಾರದೋ ಚೀಟಿ ಹಣ ಇನ್ನೂ ನಮ್ಮಲ್ಲೇ ಇದೆ. ಸಕಲೇಶಪುರದ ಕಡೆಯ ಕೆಲವು ಮೆಂಬರ್‌ಗಳು ಕಾಫಿ ಮಾರಿದ ಮೇಲೆ ಮೂರ್ನಾಲ್ಕು ಕಂತು ಒಟ್ಟಿಗೆ ಕಟ್ಟುತ್ತಾರೆ. ಅಲ್ಲಿಯವರೆಗೆ ಆ ಹಳ್ಳ ತುಂಬುವುದು ಕಂಪನಿಯ ಸ್ವಂತ ಹಣ. ಈ ಎರಡು ಮೊತ್ತ ನೋಡದಿದ್ದರೆ ಎಷ್ಟು ಹೋಗುತ್ತಿದೆ ಅಂತ ಗೊತ್ತೇ ಆಗುವುದಿಲ್ಲ.

ಆ 12 ಜನರಲ್ಲಿ ಕಂಪನಿಯೂ ಒಬ್ಬ ಮೆಂಬರ್. ಮೊದಲ ತಿಂಗಳು 5 ಲಕ್ಷ ಎತ್ತಿಕೊಂಡ ಮೇಲೆ ಕಂಪನಿಯೂ ಪ್ರತಿ ತಿಂಗಳು ತನ್ನ ಕಂತನ್ನು ಚೀಟಿ ಖಾತೆಗೆ ಹಾಕಬೇಕು. ಸೆಪ್ಟೆಂಬರ್‌ನಲ್ಲಿ ಹೊರಗಿನ 24 ಜನರಿಂದ ಬಂದದ್ದು 3,84,000. ಯಜಮಾನರಿಗೆ ಹೋದ 3,70,500, ಕಮಿಷನ್, ಜಿಎಸ್‌ಟಿ ಸೇರಿದರೆ ಸರಿಯಾಗಿ 4 ಲಕ್ಷ. ಕಡಿಮೆ ಬಿದ್ದ 16,000 ಕಂಪನಿಯ ಕಂತು. ಮ್ಯಾನೇಜ್‌ಮೆಂಟ್ ಇದನ್ನು ಮುಂದಿನ ತಿಂಗಳು ನೋಡೋಣ ಅನ್ನುವಾಗ ನಾನು ಒಪ್ಪುವುದಿಲ್ಲ. ಅದು ಮೆಂಬರ್‌ಗಳ ದುಡ್ಡಿನಲ್ಲಿ ನಾವು ಮಾಡುವ ಸಾಲ.

ಯಜಮಾನರಿಗೆ ಅವತ್ತೇ ಹೊಸ ಲೆಟರ್ ಕೊಟ್ಟೆ. ಅದರಲ್ಲಿ ಬಾಕಿ ಜೊತೆಗೆ ಡಿಸ್ಕೌಂಟ್, ಜಿಎಸ್‌ಟಿ, ಈವರೆಗಿನ ಡಿವಿಡೆಂಡ್ ಬೇರೆ ಬೇರೆ ಸಾಲಿನಲ್ಲಿ ಇತ್ತು. ಬ್ಯಾಂಕ್ ಒಪ್ಪಿತು. ನಮ್ಮ ಸಾಫ್ಟ್‌ವೇರ್ ಮಾತ್ರ ರಸೀದಿಯಲ್ಲಿ ಈಗಲೂ ಕಟ್ಟಿದ ಮೊತ್ತವೊಂದನ್ನೇ ಪ್ರಿಂಟ್ ಮಾಡುತ್ತದೆ. ಕಂತು, ಡಿವಿಡೆಂಡ್, ಕಟ್ಟಿದ್ದು ಅಂತ ಮೂರು ಕಾಲಂ ಹಾಕಿಸಿ ಅಂತ ಬರೆದು ಕೊಟ್ಟಿದ್ದೇನೆ. ಅದಕ್ಕೆ ಖರ್ಚಾಗುತ್ತದಂತೆ. ಅಲ್ಲಿಯವರೆಗೆ ಕೌಂಟರ್ ಹುಡುಗಿಯರು ಆ ತಿಂಗಳ ಡಿವಿಡೆಂಡನ್ನು ರಸೀದಿ ಮೇಲೆ ಪೆನ್ನಿನಲ್ಲಿ ಬರೆದು ಕೊಡುತ್ತಿದ್ದಾರೆ.