ಕಪ್ಪಾದ ಉಗುರು ಮತ್ತು ನಾಲ್ಕು ಮಿಲಿಮೀಟರ್

ಬಳ್ಳಾರಿ, 9 ಮಾರ್ಚ್ 2025, ಭಾನುವಾರ ರಾತ್ರಿ

ಬಲಗಾಲಿನ ಎರಡನೇ ಬೆರಳಿನ ಉಗುರು ಹೋಯ್ತು ಅಂತ ಕಾಣುತ್ತೆ. ಪೂರ್ತಿ ಬಿದ್ದಿಲ್ಲ, ಆದ್ರೆ ಅಡಿಯಲ್ಲಿ ರಕ್ತ ಕಟ್ಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದೆ. ಅವ್ವ ನೋಡಿ "ಕಲ್ಲು ಎಡವಿದೇನೋ?" ಅಂದಳು. ಎಡವಿಲ್ಲ. ಮೂರು ತಾಸು ಶೂ ಒಳಗೇ ಎಡವುತ್ತಾ ಬಂದಿದ್ದೀನಿ, ಅಷ್ಟೇ.

ಇವತ್ತು 28 ಕಿಮೀ ಓಟ ಇತ್ತು. ಬೆಳಗ್ಗೆ ಐದೂವರೆಗೆ ಹೊರಟು ಹೊಸಪೇಟೆ ರಸ್ತೆಯಲ್ಲಿ ಕುಡತಿನಿ ಕಡೆಗೆ 14 ಕಿಮೀ ಹೋಗಿ ವಾಪಸ್. ಹೋಗುವಾಗ ಏನೂ ಗೊತ್ತಾಗಲಿಲ್ಲ, ಗಾಳಿ ತಣ್ಣಗಿತ್ತು, ಲಾರಿಗಳೂ ಕಮ್ಮಿ ಇದ್ವು. ವಾಪಸ್ ಬರುವಾಗ, 20 ಕಿಮೀ ಆದ ಮೇಲೆ ಅಂತ ಇಟ್ಕೊಳ್ಳಿ, ಲೇಸು ಯಾರೋ ಬಿಗಿದ ಹಾಗೆ ಅನ್ನಿಸೋಕೆ ಶುರುವಾಯ್ತು. ನಾನೇ ಕಟ್ಟಿದ್ದು, ಮುಟ್ಟೇ ಇಲ್ಲ. ಆಮೇಲೆ ಒಂದು ಸೇತುವೆ ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಆ ಬೆರಳು ಮುಂದೆ ಹೋಗಿ ಟಕ್ ಟಕ್ ಅಂತ ತಾಗತೊಡಗಿತು. ಎಂಟೂವರೆಗೆ ಮನೆ ಹತ್ತಿರ ಬರುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು, ಬೆರಳು ಮರಗಟ್ಟಿತ್ತು.

ಈ ಎಂಟನೇ ನಂಬರ್ ಶೂ ತಗೊಂಡು ಒಂದು ತಿಂಗಳಾಗಿದೆ. ದೂರದ ಓಟಕ್ಕೆ ಶೂ ಅರ್ಧ ಸೈಜ್ ದೊಡ್ಡದಿರಲಿ ಅಂತ ಓಡೋರು ಹೇಳ್ತಾರೆ, ನಾನು ಕಿವಿಗೆ ಹಾಕ್ಕೊಂಡಿರಲಿಲ್ಲ. 10 ಕಿಮೀ ಓಟಕ್ಕೆ ಬೆಣ್ಣೆ ಹಾಗಿತ್ತು, ಒಂದು ಸಲವೂ ತಾಗಿಲ್ಲ. ಹಾಗಾಗಿ ಶೂ ಮೇಲೆ ಅನುಮಾನವೇ ಬರಲಿಲ್ಲ, ಓಡೋ ರೀತಿಯೇ ಸರಿ ಇಲ್ಲ ಅಂದುಕೊಂಡಿದ್ದೆ. ನಮ್ಮ ಗುಂಪಿನಲ್ಲಿ ಒಬ್ಬರು ರಿಟೈರ್ಡ್ ಪಿಟಿ ಸರ್ ಇದ್ದಾರೆ. ಫೋಟೋ ಕಳಿಸಿದೆ, ತಕ್ಷಣ ಫೋನ್ ಬಂತು.

"ಕಾಲು ತೊಳಿಬ್ಯಾಡ, ಮೊದಲು ಅಳತಿ ತಗೋ" ಅಂದ್ರು.

"ಯಾಕ್ರೀ ಸರ್?"

"ಬೆಳಿಗ್ಗೆ ಇದ್ದ ಕಾಲು ಈಗಿಲ್ಲಪಾ. ತಾಸು ಬಿಟ್ಟು ಅಳೆದ್ರ ಅದೂ ಸಿಗೂದಿಲ್ಲ."

ಅಳೆದೆ. ಗೋಡೆಗೆ ಹಿಮ್ಮಡಿ ತಾಗಿಸಿ, ಹಾಳೆ ಮೇಲೆ ಎರಡೂ ಕಾಲಿಗೆ ಸಮ ಭಾರ ಹಾಕಿ ನಿಂತು, ಎಲ್ಲಕ್ಕಿಂತ ಉದ್ದದ ಬೆರಳಿನ ತುದಿಗೆ ಪೆನ್ಸಿಲ್ ಗೆರೆ. ನನಗೆ ಎರಡನೇ ಬೆರಳೇ ಹೆಬ್ಬೆರಳಿಗಿಂತ ಉದ್ದ, ಹಾಗಾಗಿ ಪೆಟ್ಟು ಅದಕ್ಕೇ ಬಿತ್ತು. ಬಲಗಾಲು 269 ಮಿಲಿಮೀಟರ್. ಹೋದ ತಿಂಗಳು ಶೂ ತಗೊಳ್ಳೋ ದಿನ ಬೆಳಗ್ಗೆ ಇದೇ ಕಾಲು 265 ಇತ್ತು, ಆ ಚೀಟಿ ಇನ್ನೂ ಡಬ್ಬಿಯಲ್ಲೇ ಇದೆ. ಶೂ ಒಳಗಿನ ಇನ್‌ಸೋಲ್ ಎಳೆದು ಅದನ್ನೂ ಅಳೆದೆ: 272.

ಲೆಕ್ಕ ಇಷ್ಟೇ. ಅಂಗಡಿಯಲ್ಲಿ ಹಾಕ್ಕೊಂಡಾಗ ಬೆರಳಿನ ಮುಂದೆ 7 ಮಿಲಿಮೀಟರ್ ಜಾಗ ಇತ್ತು, ಆರಾಮ ಅನ್ನಿಸಿತ್ತು. 28 ಕಿಮೀ ಆದ ಮೇಲೆ ಉಳಿದದ್ದು 3. ಓಡುವಾಗ ಪಾದ ಶೂ ಒಳಗೆ ಒಂಚೂರು ಮುಂದಕ್ಕೆ ಜಾರೇ ಜಾರುತ್ತೆ, ಇಳಿಜಾರಿನಲ್ಲಂತೂ ಜಾಸ್ತಿ. ಮೂರು ಮಿಲಿಮೀಟರ್ ಎಲ್ಲಿಗೆ ಸಾಕು?

ಕಾಲು ಬೆಳೆದದ್ದು ಎರಡು ಕಾರಣಕ್ಕೆ. ಒಂದು ಊತ. ಗಂಟೆಗಟ್ಟಲೆ ಓಡುವಾಗ ಕಾಲಿಗೆ ರಕ್ತ ಜಾಸ್ತಿ ಹರಿಯುತ್ತೆ, ಅದರ ಮೇಲೆ ಮೈ ಬಿಸಿ ಹೊರಹಾಕೋಕೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಸಣ್ಣ ನಾಳಗಳಿಂದ ನೀರಿನಂಶ ಸುತ್ತಲಿನ ಮಾಂಸಕ್ಕೆ ಜಿನುಗುತ್ತೆ, ಪಾದ ಎಲ್ಲಕ್ಕಿಂತ ಕೆಳಗಿರೋದ್ರಿಂದ ಅಲ್ಲೇ ನಿಲ್ಲುತ್ತೆ. ನಮ್ಮೂರ ಬಿಸಿಲಿಗೆ ಇದು ಇನ್ನೂ ಬೇಗ. ಎರಡನೆಯದು, ಅಂಗಾಲಿನ ಕಮಾನು ಕೂತುಕೊಳ್ಳೋದು. ದಣಿದ ಸ್ನಾಯುಗಳು ಅದನ್ನು ಎತ್ತಿ ಹಿಡಿಯೋದಿಲ್ಲ, ಪ್ರತಿ ಹೆಜ್ಜೆಗೂ ಪಾದ ಚಪ್ಪಟೆಯಾಗುತ್ತೆ, ಚಪ್ಪಟೆಯಾದದ್ದು ಮುಂದಕ್ಕೆ ಚಾಚುತ್ತೆ. ಊತಕ್ಕೆ ಪಾದ ದಪ್ಪವಾಗುತ್ತೆ, ಕಮಾನು ಕೂತರೆ ಉದ್ದವಾಗುತ್ತೆ. 10 ಕಿಮೀಯಲ್ಲಿ ಇವೆರಡೂ ಲೆಕ್ಕಕ್ಕೆ ಬರುವಷ್ಟು ಆಗಲ್ಲ, ಅದಕ್ಕೇ ಒಂದು ತಿಂಗಳು ನನಗೆ ಗೊತ್ತಾಗಲಿಲ್ಲ.

ಈಗ ಅರ್ಧ ಸೈಜ್ ಅಂದ್ರೆ ಎಷ್ಟು? ನಮ್ಮಲ್ಲಿ ನಡೆಯೋದು ಬ್ರಿಟಿಷ್ ನಂಬರ್. ಹಳೇ ಕಾಲದಲ್ಲಿ ಅವರು ಬಾರ್ಲಿ ಕಾಳಿನ ಉದ್ದವನ್ನು ಅಳತೆ ಮಾಡಿಕೊಂಡಿದ್ದರು, ಮೂರು ಕಾಳಿಗೆ ಒಂದು ಇಂಚು, ಒಂದು ಸೈಜಿಗೆ ಒಂದು ಕಾಳು. ಅಂದ್ರೆ ಪೂರ್ತಿ ಸೈಜ್ ಸುಮಾರು 8.5 ಮಿಲಿಮೀಟರ್, ಅರ್ಧ ಅಂದ್ರೆ 4.2. (ಅವರ ಕಾಳಿನ ಲೆಕ್ಕಕ್ಕೆ ನನ್ನ ಉಗುರು ಬಲಿ!) ನನ್ನ ಕಾಲು ಬೆಳೆದದ್ದು 4. ಎಂಟರ ಬದಲು ಎಂಟೂವರೆ ತಗೊಂಡಿದ್ದರೆ ಇನ್‌ಸೋಲ್ 276ರ ಆಸುಪಾಸು ಇರುತ್ತಿತ್ತು, ಓಟ ಮುಗಿದಾಗಲೂ ಅದೇ 7 ಮಿಲಿಮೀಟರ್ ಉಳಿಯುತ್ತಿತ್ತು. ಓಟದ ಶುರುವಿನಲ್ಲಿ 11, ಅಂದ್ರೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಜಾಗ.

ಹಾಗಿದ್ರೆ ಒಂದು ಪೂರ್ತಿ ಸೈಜ್ ದೊಡ್ಡದೇ ತಗೋಬಹುದಲ್ವಾ? ನಮ್ಮ ಗುಂಪಿನ ಹುಡುಗ ಒಬ್ಬ ಹಾಗೇ ಮಾಡಿದ್ದ. ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡಿ ಹಿಂದೆ ಗುಳ್ಳೆ ಎದ್ದವು, ಮೇಲಾಗಿ ಪಾದ ಹಿಡಿತ ಇಲ್ಲದೆ ಮುಂದಕ್ಕೆ ಜಾರಿ ಬೆರಳೂ ತಾಗಿತು. ಜಾಗ ಬೇಕಿರೋದು ಬೆರಳಿನ ಮುಂದೆ, ಹಿಮ್ಮಡಿ ಹತ್ತಿರ ಅಲ್ಲ. ಅರ್ಧ ಸೈಜ್ ದೊಡ್ಡದಾದಾಗಲೂ ಹಿಮ್ಮಡಿ ಒಂಚೂರು ಸಡಿಲ ಅನ್ನಿಸಿದರೆ, ಕಣಕಾಲಿನ ಹತ್ತಿರ ಸುಮ್ನೆ ಖಾಲಿ ಬಿಡ್ತೀವಲ್ಲ ಆ ಕೊನೇ ತೂತು, ಅದಕ್ಕೇ ಲೇಸು ಅದೇ ಬದಿಗೆ ಹಾಕಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗಿಂದ ಎಳೆದು ಬಿಗಿಯಬೇಕು. ಹಿಮ್ಮಡಿ ಕೂತುಬಿಡುತ್ತೆ, ಪಾದದ ಮೇಲ್ಭಾಗ ಸಡಿಲವಾಗೇ ಇರಬಹುದು.

ಇನ್ನೊಂದು, ಸೈಡಿಗೆ ಬಿಗಿಯಾದ್ರೆ ಅರ್ಧ ಸೈಜ್ ಅದಕ್ಕೆ ಮದ್ದಲ್ಲ. ಅಗಲ ಬಹಳ ಕಮ್ಮಿ ಹೆಚ್ಚುತ್ತೆ. ಕಿರುಬೆರಳ ಪಕ್ಕ ಉಜ್ಜಿ ಗುಳ್ಳೆ ಬರ್ತಿದ್ರೆ ಅದೇ ನಂಬರಿನ ಅಗಲದ ಶೂ ಕೇಳಬೇಕು. ಮತ್ತೆ, ಈಗಿನ ಶೂನಲ್ಲೇ ಬೆರಳಿನ ಮುಂದೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಜಾಗ ಇದ್ರೆ ಯಾಕೆ ದೊಡ್ಡದು? "ಅರ್ಧ ಸೈಜ್" ಅನ್ನೋದು ದಿನಾ ಹಾಕೋ ಬಿಗಿ ಶೂ ನಂಬರಿಗೆ ಹೋಲಿಸಿ ಹೇಳೋ ಮಾತು. ಒಂದೊಂದು ಕಂಪನಿಯ ಎಂಟು ಒಂದೊಂದು ತರ, ಡಬ್ಬಿ ಮೇಲಿನ ಸೆಂಟಿಮೀಟರ್ ಕೂಡ ಇನ್‌ಸೋಲ್ ಉದ್ದ ಅಲ್ಲ.

ಸಂಜೆ ಆರಕ್ಕೆ ಅಂಗಡಿಗೆ ಹೋದೆ. ಹೋದ ಸಲ ಹೋಗಿದ್ದು ಬೆಳಗ್ಗೆ ಹತ್ತಕ್ಕೆ, ತಣ್ಣಗೆ, ತೆಳು ಆಫೀಸ್ ಸಾಕ್ಸ್ ಹಾಕ್ಕೊಂಡು. ಈ ಸಲ ಓಡೋ ಸಾಕ್ಸ್, ಇಡೀ ದಿನ ಓಡಾಡಿದ ಕಾಲು. ಎಂಟೂವರೆ ಕೇಳಿದೆ, ಆ ಹುಡುಗ "ಸರ್, ನಿಮ್ದು ಎಂಟೇ, ಹೋದ ಸಲ ನಾನೇ ಕೊಟ್ಟಿದ್ದು" ಅಂದ. ನಾನು ಇನ್‌ಸೋಲ್ ಕಿತ್ತು ನೆಲಕ್ಕಿಟ್ಟು ಮೇಲೆ ನಿಂತಾಗ ಸ್ವಲ್ಪ ಗಾಬರಿಯಾದ. ಬೆರಳ ತುದಿಯಿಂದ ಅಂಚಿಗೆ ಸರಿಸುಮಾರು ಬೇಕಾದಷ್ಟೇ ಜಾಗ. ದೊಡ್ಡ ಕಾಲಿಗೆ ನೋಡಬೇಕು, ನನಗದು ಬಲಗಾಲು, ಎಡಗಾಲಿಗೆ ಲೇಸು ಒಂಚೂರು ಬಿಗಿ ಹಿಡಿದರಾಯ್ತು.

ಬರುವಾಗ ದಾರಿಯಲ್ಲಿ ಒಗ್ಗರಣಿ ಮಿರ್ಚಿ ಕಟ್ಟಿಸಿಕೊಂಡು ಬಂದೆ. ಕಾಲಿನ ಊತ ಅಷ್ಟರಲ್ಲಿ ಇಳಿದಿತ್ತು. ಇಳಿಯದೆ ಮರುದಿನವೂ ಹಾಗೇ ಇದ್ದರೆ, ಅಥವಾ ಒಂದೇ ಕಾಲು ಊದಿಕೊಂಡರೆ ಡಾಕ್ಟರ್ ಹತ್ತಿರ ಹೋಗು ಅಂತ ಸರ್ ಹೇಳಿದ್ದರು. ಹಳೇ ಎಂಟನ್ನು ಬಿಸಾಕಿಲ್ಲ. ವಾರದ ದಿನದ 5 ಕಿಮೀಗೆ ಅದು ಈಗಲೂ ಚೆನ್ನಾಗಿದೆ, ಉಗುರು ಒಪ್ಪಿದರೆ.